ಲ್ಯಾಂಡ್‌ಲೈನ್ ಎಸ್‌ಟಿಡಿ ಕೋಡ್‌ನಿಂದ ಊರು ಪತ್ತೆ ಮಾಡಿದ್ದು

ಹಳೇ ಡೈರಿಯಲ್ಲಿ 081822xxxxx ಅಂತ ಬರೆದಿತ್ತು, ಊರಿನ ಹೆಸರಿಲ್ಲ. 081 ಕೋಡ್ ಇರಬೇಕು ಅಂತ ಹುಡುಕಿದೆ, ಸಿಗಲಿಲ್ಲ. ಮೊದಲೆರಡು ಅಂಕಿ ನೋಡಿ ರಾಜ್ಯ ಹೇಳೋಣ ಅಂದ್ರೆ ಅದೂ ಆಗಲ್ಲ, 0832 ಗೋವಾ, 0836 ಹುಬ್ಬಳ್ಳಿ.

ಸರಿಹೋಗಿದ್ದು ಹೀಗೆ. ಮೊದಲು 0 ತೆಗೆಯಿರಿ, 10 ಅಂಕಿ ಉಳಿಯಬೇಕು. ಆಮೇಲೆ ಎರಡಂಕಿಯ ಕೋಡ್ ನೋಡಿ: 11 ದೆಹಲಿ, 20 ಪುಣೆ, 22 ಮುಂಬೈ, 33 ಕೋಲ್ಕತ್ತ, 40 ಹೈದರಾಬಾದ್, 44 ಚೆನ್ನೈ, 79 ಅಹಮದಾಬಾದ್, 80 ಬೆಂಗಳೂರು. ಇಲ್ಲದಿದ್ರೆ ಮೂರಂಕಿ, ಕೊನೆಗೆ ನಾಲ್ಕಂಕಿ. ನನ್ನದರಲ್ಲಿ 81 ಇಲ್ಲ, 818 ಇಲ್ಲ, 8182 ಶಿವಮೊಗ್ಗ.

ಕೋಡ್‌ನ ಉದ್ದ ಬೇರೆಯಾಗೋದು ಯಾಕಂದ್ರೆ ಕೋಡ್ ಮತ್ತು ಮನೆ ಫೋನ್ ನಂಬರ್ ಸೇರಿ 10 ಅಂಕಿ ಆಗಬೇಕು. ದೊಡ್ಡ ಊರಲ್ಲಿ ಫೋನ್ ಜಾಸ್ತಿ, 8 ಅಂಕಿಯ ನಂಬರ್ ಬೇಕು, ಕೋಡ್‌ಗೆ ಎರಡೇ ಉಳಿಯುತ್ತೆ. ಮೈಸೂರಿಗೆ 821, ನಂಬರ್ 7 ಅಂಕಿ. ಶಿವಮೊಗ್ಗಕ್ಕೆ 6. ಮೊಬೈಲ್‌ನಿಂದ ಮಾಡುವಾಗ ಆ 0 ಬಿಡಬೇಡಿ, ಬಿಟ್ಟರೆ 8182 ಅಂತ ಶುರುವಾಗೋ ಯಾರದೋ ಮೊಬೈಲ್‌ಗೆ ಹೋಗಬಹುದು.