ಹೊರಡುವಾಗ ಸ್ಕೂಟರ್ ನಡುಗುತ್ತಿದೆಯಾ? ಬೆಲ್ಟ್ ಕೊಳ್ಳುವ ಮೊದಲು ಕ್ಲಚ್ ನೋಡಿ

ಅಕ್ಕನ ಸ್ಕೂಟರ್ 110 ಸಿಸಿಯದ್ದು, 31 ಸಾವಿರ ಕಿಲೋಮೀಟರ್ ಓಡಿದೆ. ದಿನಾ ಉಡುಪಿಯ ಕುಂಜಿಬೆಟ್ಟಿನಿಂದ ಹೊರಟು ಇಂದ್ರಾಳಿ ದಾಟಿ ಮಣಿಪಾಲದ ಏರು ಹತ್ತುವ ಗಾಡಿ. ಈ ಸಲ ಮಳೆಗಾಲ ಮುಗಿಯುವ ಹೊತ್ತಿಗೆ ಅವಳ ದೂರು ಶುರುವಾಯಿತು. "ನಿಂತಲ್ಲಿಂದ ಹೊರಡುವಾಗ ಗಡಗಡ ನಡುಗ್ತದೆ ಮಾರಾಯ. ಏರಿನಲ್ಲಿ ಇಂಜಿನ್ ಕೂಗ್ತದೆ, ಗಾಡಿ ಮಾತ್ರ ಹೋಗುದಿಲ್ಲ." ಒಂದು ಕಡೆ ತೋರಿಸಿದಾಗ ಬೆಲ್ಟ್, ರೋಲರ್, ಕ್ಲಚ್, ಡ್ರಮ್ ಎಲ್ಲ ಒಟ್ಟಿಗೆ ಹೊಸತು ಹಾಕಬೇಕು ಎಂದರಂತೆ.

ಹಾಗೆ ಹಾಕಿದರೆ ಗಾಡಿ ಸರಿಯಾಗಲೂಬಹುದು. ಆದರೆ ಯಾವುದು ಹಾಳಾಗಿತ್ತು ಅಂತ ಗೊತ್ತೇ ಆಗುವುದಿಲ್ಲ. ಅವಳು ಹೇಳಿದ್ದರಲ್ಲಿ ಎರಡು ಬೇರೆ ಬೇರೆ ತೊಂದರೆಗಳಿದ್ದವು. ನಡುಕ ಒಂದು, ಜಾರುವುದು ಇನ್ನೊಂದು. ಎರಡಕ್ಕೂ ಕಾರಣ ಒಂದೇ ಇರಬೇಕೆಂದಿಲ್ಲ.

ಮೊದಲು ಓಡಿಸಿ ನೋಡಿ

ಗೇರ್ ಇಲ್ಲದ ಸ್ಕೂಟರಿನಲ್ಲಿ ಇಂಜಿನ್ನಿನ ಬಲ ಹಿಂದಿನ ಚಕ್ರಕ್ಕೆ ಹೋಗುವುದು ಹೀಗೆ. ಮುಂದುಗಡೆ ವೇರಿಯೇಟರ್ ಎಂಬ, ವೇಗಕ್ಕೆ ತಕ್ಕಂತೆ ಅಗಲ ಬದಲಿಸುವ ಪುಲ್ಲಿ, ಅದರೊಳಗೆ ಸಾಮಾನ್ಯವಾಗಿ ಆರು ರೋಲರ್. ಅಲ್ಲಿಂದ ಹಿಂದಿನ ಪುಲ್ಲಿಗೆ ಒಂದು ಅಗಲದ ಬೆಲ್ಟ್. ಹಿಂದಿನ ಪುಲ್ಲಿಯ ಜೊತೆ ಮೂರು ಕ್ಲಚ್ ಶೂಗಳು ತಿರುಗುತ್ತವೆ, ಅವುಗಳನ್ನು ಮೂರು ಸಣ್ಣ ಸ್ಪ್ರಿಂಗ್‌ಗಳು ಒಳಕ್ಕೆ ಹಿಡಿದಿರುತ್ತವೆ. ಎಕ್ಸಲರೇಟರ್ ಕೊಟ್ಟಾಗ ವೇಗ ಜಾಸ್ತಿಯಾಗಿ ಶೂಗಳು ಹೊರಕ್ಕೆ ಸಿಡಿದು ಕ್ಲಚ್ ಡ್ರಮ್ಮನ್ನು ಹಿಡಿಯುತ್ತವೆ, ಆಗ ಚಕ್ರ ತಿರುಗುತ್ತದೆ.

ಇಷ್ಟು ಗೊತ್ತಿದ್ದರೆ ತೊಂದರೆ ಎಲ್ಲಿ ಎಂದು ಅರ್ಧ ಹಾಗೆಯೇ ತಿಳಿಯುತ್ತದೆ. ಶೂ ಡ್ರಮ್ಮನ್ನು ಹಿಡಿಯುವ ಕೆಲಸ ಗಾಡಿ ಹೊರಟ ಮೊದಲ ಕೆಲವು ಮೀಟರಿನಲ್ಲೇ ಮುಗಿದುಹೋಗುತ್ತದೆ. ಹಾಗಾಗಿ ನಡುಕ ಅಲ್ಲಿ ಮಾತ್ರ ಇದ್ದು, ಹದಿನೈದು ಇಪ್ಪತ್ತು ಕಿಲೋಮೀಟರ್ ವೇಗ ಬಂದ ಮೇಲೆ ನಿಂತರೆ, ಅದು ಹೆಚ್ಚಾಗಿ ಕ್ಲಚ್ಚಿನದ್ದೇ. ಏರಿನಲ್ಲಿ ಇಂಜಿನ್ ಸದ್ದು ಏರುತ್ತಾ ಹೋಗಿ ವೇಗ ಏರದಿದ್ದರೆ ಬೆಲ್ಟೋ ಶೂವೋ ಜಾರುತ್ತಿದೆ. ರೋಲರ್ ಸವೆದರೆ ಗಾಡಿ ಹೊರಟ ಮೇಲೆ, ಮೂವತ್ತು ನಲವತ್ತರ ಹತ್ತಿರ, ಎಳೆದು ಬಿಟ್ಟ ಹಾಗೆ ಆಗುತ್ತದೆ, ಪಿಕಪ್ ಒಂದೇ ಸಮ ಇರುವುದಿಲ್ಲ. ಬರೀ ಹೊರಡುವಾಗಿನ ನಡುಕಕ್ಕೆ ರೋಲರನ್ನು ದೂರುವುದು ನನಗೆ ಸರಿ ಕಾಣುವುದಿಲ್ಲ.

ನಮ್ಮ ಕರಾವಳಿಯವರು ಇನ್ನೊಂದನ್ನು ಗಮನಿಸಬೇಕು. ಜೋರು ಮಳೆಯಲ್ಲಿ ರಾತ್ರಿಯಿಡೀ ಹೊರಗೆ ನಿಂತ ಗಾಡಿ ಬೆಳಿಗ್ಗೆ ಮೊದಲ ಎರಡು ಮೂರು ಸಲ ಹೊರಡುವಾಗ ನಡುಗಿ, ಆಮೇಲೆ ಸರಿಯಾಗುವುದುಂಟು. ಅದು ಡ್ರಮ್ಮಿನ ಒಳಗೆ ಕಟ್ಟಿದ ತೆಳು ತುಕ್ಕು, ಶೂ ಉಜ್ಜಿದ ಕೂಡಲೇ ಹೋಗುತ್ತದೆ. ನೀರು ನಿಂತ ರಸ್ತೆ ದಾಟಿದ ಮೇಲೆ ಬೆಲ್ಟ್ ಸ್ವಲ್ಪ ಹೊತ್ತು ಜಾರುವುದೂ ಹಾಗೆಯೇ. ಒಣಗಿದ ಮೇಲೆ ಮತ್ತೆ ಬಾರದಿದ್ದರೆ ಕವರ್ ಬಿಚ್ಚುವ ಅಗತ್ಯ ಇಲ್ಲ.

ಬಿಚ್ಚುವ ಮೊದಲು ಇನ್ನೊಂದು ಪರೀಕ್ಷೆ ಇದೆ. ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಹಾಕಿ ಇಂಜಿನ್ ಬಿಸಿ ಮಾಡಿ, ಎಕ್ಸಲರೇಟರ್ ಮುಟ್ಟದೆ ಬಿಡಿ. ಹಿಂದಿನ ಚಕ್ರ ನಿಧಾನ ಸುತ್ತಿದರೆ ಪರವಾಗಿಲ್ಲ. ಬ್ರೇಕ್ ಹಿಡಿದು ನಿಲ್ಲಿಸಿ, ಬಿಟ್ಟ ಕೂಡಲೇ ಮತ್ತೆ ಜೋರಾಗಿ ತಿರುಗಿದರೆ ಶೂಗಳು ಆಗಲೇ ಡ್ರಮ್ಮನ್ನು ಹಿಡಿದಿವೆ ಎಂದರ್ಥ. ಐಡ್ಲಿಂಗ್ ಹೆಚ್ಚಾಗಿರಬೇಕು, ಇಲ್ಲವೇ ಕ್ಲಚ್ ಸ್ಪ್ರಿಂಗ್ ಸೋತಿರಬೇಕು. ಅಕ್ಕನ ಗಾಡಿಯಲ್ಲಿ ಐಡ್ಲಿಂಗ್ ಸರಿ ಇತ್ತು, ಚಕ್ರ ಮಾತ್ರ ಬಿಟ್ಟ ಕೂಡಲೇ ಓಡುತ್ತಿತ್ತು.

ಕವರ್ ಬಿಚ್ಚುವುದು

ಇಂಜಿನ್ ಪೂರ್ತಿ ತಣ್ಣಗಾಗಲಿ, ಕೀ ತೆಗೆದಿಡಿ. ಎಡಗಡೆಯ ಉದ್ದ ಕವರಿನ ಬೋಲ್ಟ್‌ಗಳಿಗೆ ಹೆಚ್ಚಿನ ಗಾಡಿಗಳಲ್ಲಿ 8 ಎಂಎಂ ಟಿ ಸ್ಪಾನರ್ ಸಾಕು. ಬೋಲ್ಟ್‌ಗಳ ಉದ್ದ ಒಂದೇ ಇರುವುದಿಲ್ಲ, ಆದ್ದರಿಂದ ರಟ್ಟಿನ ಮೇಲೆ ಕವರಿನ ಆಕಾರ ಗೀಚಿ ತೆಗೆದ ಜಾಗದಲ್ಲೇ ಚುಚ್ಚಿಡಿ. ಉದ್ದದ ಬೋಲ್ಟನ್ನು ಗಿಡ್ಡದರ ಜಾಗಕ್ಕೆ ಬಿಗಿದರೆ ಇಂಜಿನ್ನಿನ ಅಲ್ಯೂಮಿನಿಯಂ ಬಿರಿಯಬಹುದು. ಕವರ್ ಬರಲಿಲ್ಲ ಅಂತ ಸ್ಕ್ರೂ ಡ್ರೈವರ್ ತೂರಿಸಿ ಎಬ್ಬಿಸಬೇಡಿ. ಎಲ್ಲೋ ಒಂದು ಬೋಲ್ಟ್ ಉಳಿದಿರುತ್ತದೆ, ಮೊದಲು ಅದನ್ನು ಹುಡುಕಿ.

ಒಳಗೆ ಕಪ್ಪು ಧೂಳು ತುಂಬಿರುತ್ತದೆ. ಬಾಯಲ್ಲಿ ಊದಬೇಡಿ, ಮಾಸ್ಕ್ ಹಾಕಿ ಒದ್ದೆ ಬಟ್ಟೆಯಲ್ಲಿ ಒರೆಸಿ. ಒರೆಸುವ ಮೊದಲು ಧೂಳು ಒಣಗಿದೆಯಾ ಜಿಡ್ಡಾಗಿದೆಯಾ ಅಂತ ಬೆರಳಲ್ಲಿ ನೋಡಿ. ಮುಂದುಗಡೆ ಜಿಡ್ಡು ಇದ್ದರೆ ಕ್ರ್ಯಾಂಕ್ ಆಯಿಲ್ ಸೀಲ್ ಸೋರುತ್ತಿರಬಹುದು, ಹಿಂದುಗಡೆ ಇದ್ದರೆ ಗೇರ್ ಬಾಕ್ಸ್ ಸೀಲ್. ಹಾಗಿದ್ದರೆ ಮೊದಲು ಸೀಲ್ ಹಾಕಿಸಿ. ಎಣ್ಣೆ ಕುಡಿದ ಬೆಲ್ಟ್ ಮತ್ತು ಶೂ ಒರೆಸಿದರೆ ಸರಿಯಾಗುವುದಿಲ್ಲ, ಹೊಸ ಬೆಲ್ಟ್ ಹಾಕಿದರೆ ಅದೂ ಎಣ್ಣೆ ಕುಡಿಯುತ್ತದೆ.

ಕ್ಲಚ್

ಹಿಂದಿನ ನಟ್ ತೆಗೆದರೆ ಡ್ರಮ್ ಕೈಗೆ ಬರುತ್ತದೆ. ನಟ್ ಬಿಚ್ಚುವಾಗ ಡ್ರಮ್ ತಿರುಗದಂತೆ ಹಿಡಿಯುವ ಹೋಲ್ಡರ್ ಬೇಕು, ಇಲ್ಲದಿದ್ದರೆ ಗ್ಯಾರೇಜಿನಲ್ಲಿ ಗನ್ ಹಾಕಿ ಸಡಿಲ ಮಾಡಿಸಿಕೊಳ್ಳಿ. ಡ್ರಮ್ಮಿನ ಒಳಗೋಡೆಯನ್ನು ಬೆಳಕಿಗೆ ಹಿಡಿದು ನೋಡಿ. ಒಂದೇ ಸಮ ಬೂದು ಬಣ್ಣ ಇದ್ದರೆ ಒಳ್ಳೆಯದು. ಗಾಜಿನಂತೆ ಹೊಳೆದರೆ 120 ನಂಬರಿನ ಎಮರಿ ಪೇಪರಿನಲ್ಲಿ ಅಡ್ಡಡ್ಡ ಉಜ್ಜಿ ಹೊಳಪು ತೆಗೆಯಿರಿ. ಅಲ್ಲಲ್ಲಿ ನೀಲಿ ಕಲೆ ಇದ್ದರೆ ಅಲ್ಲಿ ವಿಪರೀತ ಬಿಸಿಯಾಗಿದೆ, ಡ್ರಮ್ಮಿನ ದುಂಡು ತಪ್ಪಿರಬಹುದು. ದುಂಡು ತಪ್ಪಿದ ಡ್ರಮ್ಮಿಗೆ ಹೊಸ ಶೂ ಹಾಕಿದರೂ ಕೆಲವೇ ದಿನದಲ್ಲಿ ನಡುಕ ತಿರುಗಿ ಬರುತ್ತದೆ. ಕ್ಲಚ್ ಮಾಡಿಸಿ ತಿಂಗಳಾಗಲಿಲ್ಲ, ಮತ್ತೆ ಅದೇ ಅನ್ನುವವರು ಡ್ರಮ್ಮನ್ನೊಮ್ಮೆ ನೋಡಬೇಕು.

ಆಮೇಲೆ ಶೂಗಳು. ಅವುಗಳ ಮೇಲಿನ ಲೈನಿಂಗ್ ಹೊಸತರಲ್ಲಿ ಸುಮಾರು 4 ಮಿಲಿಮೀಟರ್ ದಪ್ಪ ಇರುತ್ತದೆ, ಹಲವು ಗಾಡಿಗಳಿಗೆ 2 ಮಿಲಿಮೀಟರಿಗೆ ಬಂದರೆ ಬದಲಿಸಬೇಕೆಂಬ ಮಿತಿ ಇದೆ. ದಪ್ಪಕ್ಕಿಂತ ಮುಖ್ಯ, ಮೂರೂ ಒಂದೇ ರೀತಿ ಸವೆದಿವೆಯಾ ಅನ್ನುವುದು. ಅಕ್ಕನ ಗಾಡಿಯಲ್ಲಿ ಮೂರರಲ್ಲೂ 3 ಮಿಲಿಮೀಟರಿನಷ್ಟು ಇತ್ತು. ಆದರೆ ಒಂದು ಶೂ ಮಾತ್ರ ಕನ್ನಡಿಯಂತೆ ಹೊಳೆಯುತ್ತಿತ್ತು.

ಅದರ ಕಾರಣ ಸ್ಪ್ರಿಂಗಿನಲ್ಲಿ ಸಿಕ್ಕಿತು. ಒಳ್ಳೆಯ ಕ್ಲಚ್ ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಬಿಡಿಸಿ ಮೇಜಿನ ಮೇಲೆ ಇಟ್ಟಾಗಲೂ ಸುತ್ತುಗಳ ನಡುವೆ ಬೆಳಕು ಕಂಡರೆ ಅದು ಎಳೆದು ಸೋತಿದೆ. ಹೊಳೆಯುತ್ತಿದ್ದ ಶೂವಿನ ಸ್ಪ್ರಿಂಗ್ ಹಾಗೆ ಸೋತಿತ್ತು. ಹಾಗಾಗಿ ಆ ಶೂ ಉಳಿದೆರಡಕ್ಕಿಂತ ಮೊದಲೇ ಹೊರಗೆ ಬಂದು ಡ್ರಮ್ಮಿಗೆ ಒರೆಯುತ್ತಿತ್ತು, ಒಂದೇ ಶೂವಿಗೆ ಗಾಡಿ ಎಳೆಯುವ ಶಕ್ತಿ ಇಲ್ಲ, ಹಿಡಿದು ಜಾರಿ ಹಿಡಿದು ಜಾರಿ ಗಡಗಡ ಅನ್ನುತ್ತಿತ್ತು. ಇನ್ನೊಂದು ಶೂ ತಿರುಗುವ ಪಿನ್ನಿನ ಹತ್ತಿರ ತುಕ್ಕು ಹಿಡಿದು ಬಿಗಿಯಾಗಿತ್ತು, ಬೆರಳಲ್ಲಿ ದೂಡಿದರೆ ಅಲ್ಲಾಡಲೇ ಇಲ್ಲ. ನಮ್ಮ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ ಎರಡೂ ಸೇರಿದರೆ ಈ ಪಿನ್ನುಗಳನ್ನು ನೋಡಲೇಬೇಕು.

ಸ್ಪ್ರಿಂಗ್ ಒಂದೇ ಸೋತಿದ್ದರೂ ಮೂರನ್ನೂ ಬದಲಿಸಿ. ಒಂದು ಹೊಸತು ಎರಡು ಹಳತು ಆದರೆ ಮೂರು ಶೂ ಮತ್ತೆ ಬೇರೆ ಬೇರೆ ಹೊತ್ತಿಗೆ ಹಿಡಿಯುತ್ತವೆ. ನೋಡುವ ಕೆಲಸ ಮನೆಯಲ್ಲಿ ಆಗುತ್ತದೆ, ಆದರೆ ಕ್ಲಚ್ಚನ್ನು ಪುಲ್ಲಿಯಿಂದ ಬೇರೆ ಮಾಡುವ ದೊಡ್ಡ ನಟ್ಟನ್ನು ಮನೆಯಲ್ಲಿ ಬಿಚ್ಚಬೇಡಿ. ಅದರ ಹಿಂದೆ ಒತ್ತಿ ಕೂರಿಸಿದ ದೊಡ್ಡ ಸ್ಪ್ರಿಂಗ್ ಇದೆ, ನಟ್ ಕೊನೆಯ ಸುತ್ತು ಬಿಟ್ಟ ಕೂಡಲೇ ಮುಖಕ್ಕೆ ಹಾರುತ್ತದೆ. ಒತ್ತಿ ಹಿಡಿಯುವ ಸಲಕರಣೆ ಇರುವ ಗ್ಯಾರೇಜಿಗೆ ಕೊಡಿ. ಪಿನ್ನಿಗೆ ಗ್ರೀಸ್ ಹಚ್ಚುವಾಗ ತೀರಾ ತೆಳ್ಳಗೆ ಹಚ್ಚಿ. ಲೈನಿಂಗಿಗೆ ತಾಗಿದರೆ ಮಾಡಿದ ಕೆಲಸವೆಲ್ಲ ಹಾಳು.

ಬೆಲ್ಟ್ ಬದಲಿಸದೆ, ಶೂವಿನ ಹೊಳಪು ಉಜ್ಜಿ ತೆಗೆದು, ಬರೀ ಇಷ್ಟು ಮಾಡಿ ಗಾಡಿ ಜೋಡಿಸಿದೆವು. ಹೊರಡುವಾಗಿನ ನಡುಕ ಪೂರ್ತಿ ಹೋಯಿತು. ಇಂದ್ರಾಳಿ ಏರಿನಲ್ಲಿ ಇಂಜಿನ್ ಕೂಗುವುದು ಮಾತ್ರ ಹಾಗೇ ಇತ್ತು. ಮತ್ತೆ ಕವರ್ ಬಿಚ್ಚಿದೆವು.

ಬೆಲ್ಟ್ ಮತ್ತು ರೋಲರ್

ಬೆಲ್ಟ್ ಸವೆದದ್ದು ತಿಳಿಯಲು ಬಿಚ್ಚುವ ಮೊದಲೇ ಹಿಂದಿನ ಪುಲ್ಲಿ ನೋಡಿ. ಗಾಡಿ ನಿಂತಾಗ ಬೆಲ್ಟ್ ಪುಲ್ಲಿಯ ಅಂಚಿಗೆ ಹೆಚ್ಚುಕಡಿಮೆ ಸಮವಾಗಿ ಮೇಲೆ ಕೂತಿರಬೇಕು. ಎರಡು ಮೂರು ಮಿಲಿಮೀಟರ್ ಒಳಗೆ ಇಳಿದಿದ್ದರೆ ಅಗಲ ಸವೆದಿದೆ. ಬಿಚ್ಚಿದ ಮೇಲೆ ಹಲ್ಲು ಹೊರಗೆ ಬರುವಂತೆ ಮಡಚಿ, ಹಲ್ಲುಗಳ ಬುಡದಲ್ಲಿ ಬಿರುಕು ಇದೆಯಾ, ಬದಿಯಲ್ಲಿ ದಾರ ಎದ್ದಿದೆಯಾ ನೋಡಿ. ನಾಲ್ಕು ಕಡೆ ವರ್ನಿಯರ್ ಹಿಡಿದು ಅಗಲ ಅಳೆಯಿರಿ. ನಿಮ್ಮ ಗಾಡಿಯ ಮಿತಿ ಸರ್ವಿಸ್ ಮ್ಯಾನುವಲ್ಲಿನಲ್ಲಿ ಇರುತ್ತದೆ, ಅದು ಸಿಗದಿದ್ದರೆ ಅಂಗಡಿಯಲ್ಲಿ ಅದೇ ಗಾಡಿಯ ಹೊಸ ಬೆಲ್ಟಿನ ಪಕ್ಕ ಇಡಿ. ಅಕ್ಕನ ಬೆಲ್ಟಿನಲ್ಲಿ ಒಂದು ಬಿರುಕೂ ಇರಲಿಲ್ಲ, ನೋಡಲು ಚೆನ್ನಾಗೇ ಇತ್ತು, ಅಳೆದಾಗ ಹೊಸತಕ್ಕಿಂತ ಒಂದೂವರೆ ಮಿಲಿಮೀಟರ್ ಕಡಿಮೆ! ಎರಡೂ ಬದಿ ಹೊಳಪಾಗಿತ್ತು, ಹಾಗಾಗಿ ಹೊಸತು ಹಾಕಿದೆವು.

ವೇರಿಯೇಟರ್ ಬಿಚ್ಚಿದಾಗಲೇ ರೋಲರನ್ನೂ ನೋಡಿಬಿಡಿ. ತೆಗೆಯುವ ಮೊದಲು ಫೋಟೋ ತೆಗೆದರೆ ಯಾವ ಮುಖ ಯಾವ ಕಡೆ ಇತ್ತು ಎಂಬ ಗೊಂದಲ ಇರುವುದಿಲ್ಲ. ಗಾಜಿನ ಮೇಲೆ ಉರುಳಿಸಿ. ಚಪ್ಪಟೆಯಾದದ್ದು ಟಕ್ ಟಕ್ ಎಂದು ನಿಂತು ನಿಂತು ಹೋಗುತ್ತದೆ. ಅಕ್ಕನದರಲ್ಲಿ ಎರಡು ಚಪ್ಪಟೆಯಾಗಿದ್ದವು, ಆರನ್ನೂ ಅದೇ ತೂಕದ್ದು ಹಾಕಿದೆವು. ಬಿಚ್ಚುವಾಗ ಒಣಗಿದ್ದ ವೇರಿಯೇಟರಿಗೆ ನೀವಾಗಿ ಗ್ರೀಸ್ ತುಂಬಬೇಡಿ.

ಜೋಡಿಸುವಾಗ ಒಂದು ತಪ್ಪು ತುಂಬ ಜನ ಮಾಡುತ್ತಾರೆ. ಮೊದಲು ಹಿಂದಿನ ಪುಲ್ಲಿಯನ್ನು ಅಗಲಿಸಿ ಬೆಲ್ಟನ್ನು ಅದರ ಆಳಕ್ಕೆ ಒತ್ತಬೇಕು, ಆಗ ಮುಂದುಗಡೆ ಬೆಲ್ಟ್ ಸಡಿಲವಾಗುತ್ತದೆ. ಹಾಗೆ ಮಾಡದಿದ್ದರೆ ಮುಂದಿನ ಪುಲ್ಲಿಯ ಹೊರಗಿನ ಫ್ಯಾನ್ ಪ್ಲೇಟ್ ನಡುವಿನ ಬುಶ್ಶಿಗೆ ತಾಗದೆ ಬೆಲ್ಟಿನ ಮೇಲೆ ಕೂರುತ್ತದೆ. ಕೈಗೆ ನಟ್ ಬಿಗಿಯಾದಂತೆ ಅನಿಸುತ್ತದೆ, ಗಾಡಿ ಓಡಿದ ಕೂಡಲೇ ಬೆಲ್ಟ್ ಸರಿದು ನಟ್ ಸಡಿಲವಾಗಿ ಕ್ರ್ಯಾಂಕಿನ ಹಲ್ಲುಗಳೇ ತಿಂದುಹೋಗುತ್ತವೆ. ಬೆಲ್ಟಿನ ರಿಪೇರಿ ಇಂಜಿನ್ ಬಿಚ್ಚುವ ರಿಪೇರಿ ಆಗುವುದು ಹೀಗೆ. ಬೆಲ್ಟಿನ ಮೇಲೆ ಬಾಣದ ಗುರುತಿದ್ದರೆ ಅದು ತಿರುಗುವ ದಿಕ್ಕಿಗಿರಲಿ. ಫ್ಯಾನಿನ ರೆಕ್ಕೆಗೆ ಸ್ಕ್ರೂ ಡ್ರೈವರ್ ಕೊಟ್ಟು ಹಿಡಿಯಬೇಡಿ, ರೆಕ್ಕೆ ಮುರಿಯುತ್ತದೆ. ನಟ್ಟನ್ನು ಮ್ಯಾನುವಲ್ ಹೇಳಿದಷ್ಟು ಟಾರ್ಕ್ ಸ್ಪಾನರಿನಲ್ಲಿ ಬಿಗಿಯಿರಿ. ಕವರ್ ಹಾಕುವ ಮೊದಲು ಹಿಂದಿನ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ, ಬೆಲ್ಟ್ ಮತ್ತೆ ಮೇಲೆ ಬರುವವರೆಗೆ.

ಮಾರನೆಯ ದಿನ ಅಕ್ಕ ಹಿಂದೆ ಭಾವನನ್ನೂ ಕೂರಿಸಿಕೊಂಡು ಮಣಿಪಾಲಕ್ಕೆ ಹೋದಳು. ಇಂಜಿನ್ ಸದ್ದು ಏರಿದಷ್ಟೇ ಗಾಡಿಯೂ ಏರಿತು. ಉಜ್ಜಿದ ಶೂ ಕೂರುವವರೆಗೆ ಮೊದಲ ಐವತ್ತು ಕಿಲೋಮೀಟರ್ ಸಣ್ಣ ಅದುರು ಇರಬಹುದು ಎಂದಿದ್ದೆ. ಅದೂ ವಾರದೊಳಗೆ ಹೋಯಿತು. ಹಳೆಯ ಡ್ರಮ್ ಮತ್ತು ಶೂ ಈಗಲೂ ಅದೇ ಗಾಡಿಯಲ್ಲಿವೆ.