ಬಾಡಿಗೆ ಅಡ್ವಾನ್ಸ್ ಮಾತು, 2019ರ ಚಾಟ್‌ನಲ್ಲಿ

ಮನೆ ಖಾಲಿ ಮಾಡುವಾಗ ಓನರ್ ಎರಡು ತಿಂಗಳ ಬಾಡಿಗೆ ಹಿಡಿದುಕೊಳ್ಳುತ್ತೇನೆ ಅಂದರು. ಪೇಂಟಿಂಗ್‌ಗೆ ಒಂದೇ ತಿಂಗಳದ್ದು ಅಂತ ಮೊದಲೇ ವಾಟ್ಸಾಪ್‌ನಲ್ಲಿ ಒಪ್ಪಿದ್ದರು. ಆ ಮೆಸೇಜ್ ಬೇಕಿತ್ತು.

ಪದ ಹಾಕಿ ಹುಡುಕಿದರೆ ಸಿಗಲಿಲ್ಲ. ಬೆಂಗಳೂರಿನ ಚಾಟ್‌ಗಳಲ್ಲಿ ಒಂದೇ ಮಾತನ್ನು ಒಮ್ಮೆ ಕನ್ನಡ ಲಿಪಿಯಲ್ಲಿ, ಒಮ್ಮೆ ಇಂಗ್ಲಿಷ್ ಅಕ್ಷರದಲ್ಲಿ, ಒಮ್ಮೆ ತಪ್ಪು ಸ್ಪೆಲ್ಲಿಂಗ್‌ನಲ್ಲಿ ಬರೆಯುತ್ತೇವೆ. ಹುಡುಕಾಟಕ್ಕೆ ಅವು ಬೇರೆ ಬೇರೆ ಪದಗಳು. ವಾಯ್ಸ್ ಮೆಸೇಜಾದರೆ ಹುಡುಕಲು ಪದವೇ ಇಲ್ಲ. ಹಾಗಾಗಿ ತಾರೀಖು ಹಿಡಿದು ಹೋಗುವುದೇ ಸರಿ.

ತಾರೀಖನ್ನು ನೆನಪಿನಿಂದ ತೆಗೆಯಬೇಡಿ, ಬ್ಯಾಂಕ್ ಸ್ಟೇಟ್‌ಮೆಂಟ್‌ನಿಂದ ತೆಗೆಯಿರಿ. ನನ್ನ ಅಡ್ವಾನ್ಸ್ ಹೋಗಿದ್ದು 2019ರ ಜೂನ್ 14, ಶುಕ್ರವಾರ. ಚೌಕಾಸಿ ನಡೆಯುವುದು ದುಡ್ಡು ಕೊಡುವ ಮುಂಚೆ, ಆದ್ದರಿಂದ ಜೂನ್ 10ರಿಂದ ಶುರು ಮಾಡಿದೆ.

ಆಂಡ್ರಾಯ್ಡ್‌ನಲ್ಲಿ ಚಾಟ್ ತೆರೆದು, ಮೇಲಿನ ಮೂರು ಚುಕ್ಕಿ ಒತ್ತಿ, ಸರ್ಚ್ ಆರಿಸಿದರೆ ಬಲಗಡೆ ಕ್ಯಾಲೆಂಡರ್ ಚಿಹ್ನೆ ಕಾಣುತ್ತದೆ. ಆಂಡ್ರಾಯ್ಡ್‌ಗೆ ಇದು ಬಂದದ್ದು 2024ರಲ್ಲಿ. ಕಾಣದಿದ್ದರೆ ಆ್ಯಪ್ ಅಪ್‌ಡೇಟ್ ಮಾಡಿ. ದಿನ ಆರಿಸಿದರೆ ಆ ದಿನದ ಮೊದಲ ಮೆಸೇಜ್‌ಗೆ ಹೋಗುತ್ತದೆ, ಅಲ್ಲಿಂದ ಕೆಳಕ್ಕೆ ಓದುತ್ತಾ ಬನ್ನಿ. ಓದುವ ಮುಂಚೆ ಮೇಲಿರುವ ತಾರೀಖು ನೋಡಿಕೊಳ್ಳಿ, ಬೇರೆ ವರ್ಷ ಆರಿಸಿಬಿಡುವುದು ಸುಲಭ. ನನ್ನ ಮೆಸೇಜ್ ಸಿಕ್ಕಿದ್ದು 12ನೇ ತಾರೀಖು ರಾತ್ರಿಯ ಮಾತುಗಳಲ್ಲಿ. ಅದರಲ್ಲಿ ‘ಪೇಂಟಿಂಗ್’ ಅನ್ನುವ ಪದವೇ ಇರಲಿಲ್ಲ, ‘ಸುಣ್ಣಬಣ್ಣಕ್ಕೆ ಒಂದು ತಿಂಗಳು’ ಅಂತಿತ್ತು!

ಈ ಕೆಲಸ ಫೋನ್‌ನಲ್ಲೇ ಮಾಡಿ. ಕಂಪ್ಯೂಟರ್‌ಗೆ ಜೋಡಿಸಿದಾಗ ಪೂರ್ತಿ ಇತಿಹಾಸ ಬರುವುದಿಲ್ಲ. ಹಳೆಯದನ್ನು ಫೋನ್‌ನಲ್ಲಿ ನೋಡಿ ಅಂತ ಅದೇ ಹೇಳುತ್ತದೆ. ಎಕ್ಸ್‌ಪೋರ್ಟ್ ಮಾಡಿದ ಫೈಲನ್ನೂ ನಂಬಬೇಡಿ: ಅದಕ್ಕೊಂದು ಮಿತಿ ಇದ್ದು, ಇತ್ತೀಚಿನ ಮೆಸೇಜ್‌ಗಳನ್ನು ಇಟ್ಟುಕೊಂಡು ಹಳೆಯದನ್ನೇ ಬಿಟ್ಟುಬಿಡುತ್ತದೆ.

ಫೋನ್‌ನಲ್ಲೂ ಆ ವರ್ಷ ಖಾಲಿ ಇದ್ದರೆ ಎರಡು ಕಾರಣ ನೋಡಿ. ಫೋನ್ ಬದಲಿಸಿದಾಗ ಬ್ಯಾಕಪ್ ರಿಸ್ಟೋರ್ ಮಾಡದೆ ಇದ್ದಿರಬಹುದು. ಆಗ ಚಾಟ್ ಹೊಸ ಫೋನ್ ತಗೊಂಡ ದಿನದಿಂದಲೇ ಶುರುವಾಗುತ್ತದೆ. ಇಲ್ಲವೇ ಆಗ ಅವರು ಬೇರೆ ನಂಬರ್‌ನಿಂದ ಮಾತಾಡಿರಬಹುದು, ಹಳೇ ನಂಬರಿನ ಚಾಟ್ ಆರ್ಕೈವ್‌ನಲ್ಲಿ ಬಿದ್ದಿರಬಹುದು.

ಸಿಕ್ಕಿದ ಮೇಲೆ ಮೆಸೇಜನ್ನು ಒತ್ತಿ ಹಿಡಿದು ಸ್ಟಾರ್ ಹಾಕಿ, ಮತ್ತೆ ಹುಡುಕುವ ಕಷ್ಟ ಇರುವುದಿಲ್ಲ. ಸ್ಕ್ರೀನ್‌ಶಾಟ್ ತೆಗೆಯುವಾಗ ಒಂದು ಗಮನ: ಮೆಸೇಜ್ ಪಕ್ಕ ಇರುವುದು ಗಂಟೆ ಮಾತ್ರ, ತಾರೀಖು ಅಲ್ಲ. ತಾರೀಖು ಬರೆದ ಪಟ್ಟಿ ಕಾಣುವವರೆಗೆ ಸ್ವಲ್ಪ ಸರಿಸಿ, ಅದೂ ಓನರ್ ನಂಬರೂ ಒಂದೇ ಚಿತ್ರದಲ್ಲಿ ಬರುವಂತೆ ತೆಗೆಯಿರಿ. ಹೆಸರು ಸೇವ್ ಆಗಿದ್ದರೆ ನಂಬರ್ ಕಾಣುವುದಿಲ್ಲ, ಕಾಂಟ್ಯಾಕ್ಟ್ ಪುಟದ ಇನ್ನೊಂದು ಸ್ಕ್ರೀನ್‌ಶಾಟ್ ಬೇಕಾಗುತ್ತದೆ.