ನ್ಯಾಕ್‌ಗೆ ಸ್ವ-ಅಧ್ಯಯನ ವರದಿ: ಶಿಕ್ಷಕರ ಪಟ್ಟಿಯಿಂದ ಶುರು ಮಾಡಿ

ನರ್ಸಿಂಗ್ ಕಾಲೇಜುಗಳಲ್ಲಿ ನ್ಯಾಕ್ ಮಾನ್ಯತೆಯ ಕೆಲಸ ಶುರುವಾಗುವುದೇ ಫೋಟೊ ತೆಗೆಯುವುದರಿಂದ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ಐದು ವರ್ಷದ ಶಿಕ್ಷಕರ ಪಟ್ಟಿ ಸಿದ್ಧವಾಗಲಿ. ವರದಿಯ ಎಷ್ಟೋ ಲೆಕ್ಕಗಳು ಅದರ ಮೇಲೇ ನಿಂತಿವೆ. ಅದು ತಪ್ಪಿದರೆ ಶಿಕ್ಷಕ–ವಿದ್ಯಾರ್ಥಿ ಅನುಪಾತ, ಅನುಭವದ ಸರಾಸರಿ ಎಲ್ಲವೂ ತಪ್ಪುತ್ತವೆ.

ಒಂದು ಎಕ್ಸೆಲ್ ಶೀಟ್ ತೆರೆಯಿರಿ. ಒಬ್ಬರಿಗೆ ಒಂದು ಸಾಲು. ಹೆಸರು, ಓದು, ಹುದ್ದೆ, ರಾಜ್ಯ ನರ್ಸಿಂಗ್ ಕೌನ್ಸಿಲ್ ನೋಂದಣಿ ಸಂಖ್ಯೆ, ಸೇರಿದ ದಿನ, ಬಿಟ್ಟ ದಿನ ಬರೆಯಿರಿ. ಆಮೇಲೆ ಅದನ್ನು ನೇಮಕಾತಿ ಆದೇಶ, ಸಂಬಳದ ರಿಜಿಸ್ಟರ್, ವಿಶ್ವವಿದ್ಯಾಲಯಕ್ಕೆ ಕಳಿಸಿದ ಪಟ್ಟಿ, ಈ ಮೂರರ ಪಕ್ಕ ಇಟ್ಟು ಒಂದೊಂದೇ ಹೆಸರು ನೋಡಿ. ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಮದುವೆಯಾದ ಮೇಲಿನ ಹೆಸರು. ದಾಖಲೆ ಪರಿಶೀಲಿಸುವವರು ನಿಮ್ಮ ಪರಿಚಯದವರಲ್ಲ, ಅಲ್ವಾ? ಅವರಿಗೆ ಅದು ಮೂವರು ಬೇರೆ ಬೇರೆ ಶಿಕ್ಷಕರ ಹಾಗೆ ಕಾಣುತ್ತದೆ.

ಜಾಸ್ತಿ ಎಡವುವುದು ಮಧ್ಯದಲ್ಲಿ ಬಂದು ಹೋದವರ ವಿಷಯದಲ್ಲಿ. ಒಬ್ಬ ಟ್ಯೂಟರ್ ನವೆಂಬರ್‌ನಲ್ಲಿ ಸೇರಿ ಜೂನ್‌ನಲ್ಲಿ ಬಿಟ್ಟರು ಎಂದುಕೊಳ್ಳಿ. ಶೈಕ್ಷಣಿಕ ವರ್ಷ ಪೂರ್ತಿ, ನಿಗದಿತ ಕೆಲಸದ ಗಂಟೆಗಳಲ್ಲಿ ಕನಿಷ್ಠ ಶೇ 90ರಷ್ಟು ದುಡಿದವರನ್ನಷ್ಟೇ ಪೂರ್ಣಾವಧಿ ಶಿಕ್ಷಕರು ಎನ್ನಬಹುದು. ಆ ಟ್ಯೂಟರ್ ಆ ವರ್ಷದ ಪೂರ್ಣಾವಧಿ ಲೆಕ್ಕಕ್ಕೆ ಸೇರುವುದಿಲ್ಲ. ಅವರ ಜಾಗಕ್ಕೆ ಆಗಸ್ಟ್‌ನಲ್ಲಿ ಬಂದವರನ್ನೂ ಅದೇ ವರ್ಷಕ್ಕೆ ತುರುಕಿದರೆ ಒಂದು ಹುದ್ದೆಗೆ ಇಬ್ಬರಾಗುತ್ತಾರೆ. ಸಂಬಳದ ರಿಜಿಸ್ಟರ್ ಇದನ್ನು ಕೂಡಲೇ ತೋರಿಸಿಕೊಡುತ್ತದೆ. ಲೆಕ್ಕದಲ್ಲಿ ಒಬ್ಬರು ಕಡಿಮೆ ಬಂದರೂ ಪರವಾಗಿಲ್ಲ, ಇಲ್ಲದವರನ್ನು ಸೇರಿಸಬೇಡಿ.

ಕಟ್ಟಡ, ಲ್ಯಾಬ್: ಸ್ಥಳ, ದಿನಾಂಕ ಮೂಡುವ ಫೋಟೊ, ಬಿಲ್, ಸ್ಟಾಕ್ ರಿಜಿಸ್ಟರ್ ಸಾಕು. ಜಾಹೀರಾತು ಮೂಡಿಸುವ ಪುಕ್ಕಟೆ ಆ್ಯಪ್‌ಗಳು ಬೇಡ. ಎಷ್ಟೋ ಸಲ ಅವು ಸ್ಥಳವನ್ನೂ ತಪ್ಪಾಗಿ ಹಾಕುತ್ತವೆ. ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದ ಮ್ಯಾನಿಕಿನ್ ಫೋಟೊ ಹಾಕಿದರೆ ಯಾರೂ ಅದರ ಮೇಲೆ ಸಿಪಿಆರ್ ಕಲಿತಿಲ್ಲ ಅಂತ ನೀವೇ ಹೇಳಿದ ಹಾಗೆ. ವಿದ್ಯಾರ್ಥಿಗಳು ಅಭ್ಯಾಸ ಮಾಡುವಾಗ ತೆಗೆಯಿರಿ. ಲ್ಯಾಬ್ ಬಳಕೆಯ ರಿಜಿಸ್ಟರ್‌ನಲ್ಲೂ ಅದೇ ದಿನಾಂಕ ಇರಲಿ.

ವಿದ್ಯಾರ್ಥಿಗಳ ಸಾಧನೆಗೆ ಫಲಿತಾಂಶದ ಪಟ್ಟಿ ವಿಶ್ವವಿದ್ಯಾಲಯದಿಂದ ಸಿಗುತ್ತದೆ. ಕಷ್ಟವಾಗುವುದು ಕೆಲಸಕ್ಕೆ ಸೇರಿದವರ ಪುರಾವೆ. ಹುಡುಗಿಯರು ವಿದೇಶಕ್ಕೆ ಹೋದ ಮೇಲೆ ಫೋನ್ ನಂಬರ್ ಬದಲಾಗಿರುತ್ತದೆ. ಕೊನೆಯ ವರ್ಷದವರು ಕಾಲೇಜು ಬಿಡುವ ಮುಂಚೆಯೇ ಇಮೇಲ್, ಮನೆಯವರ ನಂಬರ್ ಬರೆಸಿಕೊಳ್ಳಿ. ಬಿಟ್ಟ ಆರು ತಿಂಗಳಿಗೆ ನೇಮಕಾತಿ ಪತ್ರ ಅಥವಾ ಎಂ.ಎಸ್ಸಿ. ಪ್ರವೇಶ ಪತ್ರ ಕೇಳಿ ತರಿಸಿ. ‘ಆಸ್ಪತ್ರೆಯಲ್ಲಿ ಕೆಲಸ’ ಅಂತ ಸುಮ್ನೆ ಬರೆದರೆ ಪುರಾವೆ ಆಗದು.

ದುಡ್ಡು ಕೊಟ್ಟು ಸಿದ್ಧ ವರದಿ ಕೊಳ್ಳಲೇಬೇಡಿ. ಅಂಥವುಗಳಲ್ಲಿ ಬೇರೆ ಕಾಲೇಜಿನ ಹೆಸರು ಉಳಿದುಕೊಂಡಿರುತ್ತದೆ. ಸಲ್ಲಿಸುವ ಮುಂಚೆ ಕಾಲೇಜಿಗೆ ಸಂಬಂಧವಿಲ್ಲದ ಒಬ್ಬರ ಮೊಬೈಲ್‌ನಲ್ಲಿ ವರದಿಯಲ್ಲಿ ಪುರಾವೆಗೆ ಕೊಟ್ಟ ಪ್ರತಿ ಲಿಂಕ್ ತೆರೆಸಿ ನೋಡಿ. ‘ಅನುಮತಿ ಬೇಕು’ ಎಂದು ಬಂದರೆ ಆ ಪುರಾವೆ ಪರಿಶೀಲಿಸುವವರಿಗೂ ತೆರೆಯುವುದಿಲ್ಲ.